ಕುಂಚಿಯ ನವಿರು ಎಲ್ಲಿ ಹೋಯಿತು?

ಕೂಸಿಗೆ ಹೊಲಿಸಿದ ಫ್ಲಾನೆಲ್ ಕುಂಚಿ ಕೆಲವೇ ತಿಂಗಳಲ್ಲಿ ಕುತ್ತಿಗೆಯ ಹತ್ತಿರ ಬೋಳಾಗುತ್ತದೆ. ಯಾಕೆ?

ನಮ್ಮ ಸೊಲ್ಲಾಪುರದ ಟವೆಲ್ ನೋಡಿರಿ. ಅದರ ಕುಣಿಕೆಗಳು ಇಡೀ ನೂಲಿನವು; ನೇಯ್ಗೆಯಲ್ಲೇ ಸಿಕ್ಕಿಕೊಂಡಿರುತ್ತವೆ. ಫ್ಲಾನೆಲ್ ಹಾಗಲ್ಲ. ನೇಯ್ದ ಮೇಲೆ ತಂತಿಮುಳ್ಳಿನ ಉರುಳೆಗಳು ಸಡಿಲ ಹುರಿಯ ಹೊಕ್ಕಿನ ನೂಲನ್ನು ಕೆರೆದು, ಹತ್ತಿಯ ಎಳೆಗಳ ತುದಿ ಎಬ್ಬಿಸುತ್ತವೆ. ಮರಾಠಿಯಲ್ಲಿ ಲವ ಎನ್ನುವ ನವಿರು ಇದೇ. ಇದಕ್ಕೆ ಗಂಟಿಲ್ಲ. ಹಾಲಿನ ಕಲೆಗೆಂದು ಬ್ರಷ್ ಹಾಕಿ ತಿಕ್ಕಿದರೆ, ಕಲ್ಲಿಗೆ ಬಡಿದರೆ ಎಳೆಗಳು ಕಿತ್ತು ನೀರಿನೊಡನೆ ಹೋಗುತ್ತವೆ, ಹೊಕ್ಕೂ ತೆಳುವಾಗುತ್ತದೆ.

ಆದ್ದರಿಂದ ಹಾಲು ಒಣಗುವ ಮೊದಲೇ ಕುಂಚಿಯನ್ನು ತಣ್ಣೀರಿನಲ್ಲಿ ನೆನೆಹಾಕಿರಿ. ಆಮೇಲೆ ತುಸು ಸಾಬೂನುಪುಡಿ ಕರಗಿಸಿದ ನೀರಿನಲ್ಲಿ 20 ನಿಮಿಷ ಇಟ್ಟು, ತಿಕ್ಕದೆ, ಹಿಂಡಿ ತಿರುಚದೆ, ಅಂಗೈಯಿಂದ ಅದುಮಿ ತೊಳೆಯಿರಿ.

ತೊಳೆದ ಮೇಲೆ ಬಿರುಸಾಯಿತೇ? ಬೆಳಕಿಗೆ ಹಿಡಿಯಿರಿ. ನೇಯ್ಗೆ ಜಾಳಾಗಿ ಕಂಡರೆ ನವಿರು ಹೋಗಿದೆ, ಮರಳಿ ಬಾರದು. ನವಿರು ಇದ್ದೂ ಬಿರುಸಾಗಿದ್ದರೆ ಬೋರಿನ ಗಡಸು ನೀರಿನಲ್ಲಿ ಸಾಬೂನು ಕೂತಿದೆ. ಮಳೆನೀರಿನಲ್ಲಿ ಎರಡು ಸಲ ಜಾಲಿಸಿ, ಕೊಡವಿ, ನೆರಳಿಗೆ ಹಾಕಿರಿ, ಬಹಳಮಟ್ಟಿಗೆ ಮೆತ್ತಗಾಗುತ್ತದೆ.