ಡಬ್ ಆದ ಮೇಲೊಂದು ಟಿಕ್

ಹೃದಯ ಲಬ್ ಡಬ್ ಎನ್ನುತ್ತದೆ, ಅದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಆ ಸದ್ದು ಮಾಡುವುದು ಯಾವುದು? ಪ್ಯಾರಿಸ್ಸಿನ ಲೆನೆಕ್ 1816ರಲ್ಲಿ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಸ್ಟೆತಸ್ಕೋಪಿಗೆ ನಾಂದಿ ಹಾಡಿದರು. ಅಷ್ಟು ಸೂಕ್ಷ್ಮ ಕಿವಿಯವರೇ ಈ ಪ್ರಶ್ನೆಯಲ್ಲಿ ಎಡವಿದರು. ಎರಡನೆಯ ಸದ್ದು ಮೇಲಿನ ಕೋಣೆ, ಅಂದರೆ ಹೃತ್ಕರ್ಣ, ಕುಗ್ಗುವುದರಿಂದ ಬರುತ್ತದೆ ಎಂದು ಅವರು ನಂಬಿದ್ದರು. 1826ರಲ್ಲಿ ಕ್ಷಯ ಅವರನ್ನು ಕೊಂಡೊಯ್ದಿತು. ತಪ್ಪು ಹಾಗೇ ಉಳಿಯಿತು.

ಅದನ್ನು ತಿದ್ದಲು ಹೊರಟವರಲ್ಲಿ ನನ್ನ ಮನಸ್ಸು ನಿಲ್ಲುವುದು ಲಂಡನ್ನಿನ ಜೇಮ್ಸ್ ಹೋಪ್ ಎಂಬ ತರುಣ ವೈದ್ಯನ ಮೇಲೆ. 1830ರ ದಶಕದಲ್ಲಿ ಆತ ಕತ್ತೆಗಳ ಪ್ರಜ್ಞೆ ತಪ್ಪಿಸಿ, ಕೃತಕವಾಗಿ ಉಸಿರಾಡಿಸುತ್ತ, ಎದೆ ತೆರೆದು, ಮಿಡಿಯುವ ಹೃದಯದ ಮೇಲೇ ಸ್ಟೆತಸ್ಕೋಪು ಇಟ್ಟು ಕೇಳಿದ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳ ಬುಡದಲ್ಲಿ ಅರ್ಧಚಂದ್ರಾಕಾರದ ಕವಾಟಗಳಿವೆ. ಅವು ಮುಚ್ಚದಂತೆ ಕೊಕ್ಕೆಯಿಂದ ಹಿಡಿದಾಗ ಎರಡನೆಯ ಸದ್ದು ಮಾಯವಾಯಿತು, ಅದರ ಜಾಗದಲ್ಲಿ ಬುಸ್ಸೆನ್ನುವ ಮರ್ಮರ ಕೇಳಿಸಿತು. ಕೊಕ್ಕೆ ತೆಗೆದರೆ ಡಬ್ ಮರಳಿ ಬಂತು. ಎರಡನೆಯ ಸದ್ದು ಕವಾಟ ಮುಚ್ಚುವುದರಿಂದ ಬರುತ್ತದೆಂಬುದೂ, ಮುಚ್ಚದ ಕವಾಟ ಮರ್ಮರ ಹುಟ್ಟಿಸುತ್ತದೆಂಬುದೂ ಒಂದೇ ಏಟಿಗೆ ಸಾಬೀತಾದವು. ಅರಿವಳಿಕೆ ಇನ್ನೂ ಬಾರದ ಕಾಲ ಅದು. ಆ ಮೂಕ ಪ್ರಾಣಿಗಳನ್ನು ನೆನೆದರೆ ಸಂಕಟವಾಗುತ್ತದೆ. ಹೋಪ್ ಕೂಡ 1841ರಲ್ಲಿ, ನಲವತ್ತರ ಆಸುಪಾಸಿನಲ್ಲೇ, ಕ್ಷಯಕ್ಕೆ ಬಲಿಯಾದ.

ಮುಂದಿನ ಎಂಬತ್ತು ವರ್ಷಗಳನ್ನು ದಾಟಿಬಿಡೋಣ. ಅಮೆರಿಕದ ಕಾರ್ಲ್ ವಿಗ್ಗರ್ಸ್ ಹೃದಯದ ಒತ್ತಡಗಳನ್ನೂ ಸದ್ದುಗಳನ್ನೂ ಕಾಲದ ಒಂದೇ ಗೆರೆಯ ಮೇಲೆ ಜೋಡಿಸಿ ಬರೆದರು. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ವಿಗ್ಗರ್ಸ್ ಚಿತ್ರವೆಂದೇ ಕಲಿಯುತ್ತಾರೆ. ಅದರಲ್ಲಿ ಎಡ ಹೃದಯದ ಮೂರು ರೇಖೆಗಳನ್ನು ಮಾತ್ರ ಕಣ್ಮುಂದೆ ತಂದುಕೊಳ್ಳಿ: ಮೇಲಿನ ಹೃತ್ಕರ್ಣ, ಕೆಳಗಿನ ಹೃತ್ಕುಕ್ಷಿ, ಹೊರಗಿನ ಮಹಾಪಧಮನಿ. ಕುಕ್ಷಿ ಬಿಗಿಯತೊಡಗಿ ಅದರ ಒತ್ತಡ ಕರ್ಣದ್ದನ್ನು ದಾಟಿದೊಡನೆ ನಡುವಿನ ಮೈಟ್ರಲ್ ಕವಾಟ ಮುಚ್ಚುತ್ತದೆ, ಅದೇ ಲಬ್. ಒತ್ತಡ ಪಾದರಸದ 80 ಮಿಲಿಮೀಟರ್ ದಾಟಿದಾಗ ಮಹಾಪಧಮನಿಯ ಕವಾಟ ತೆರೆಯುತ್ತದೆ, ಒತ್ತಡ 120ರವರೆಗೆ ಏರಿ ರಕ್ತ ಹೊರಚಿಮ್ಮುತ್ತದೆ. ಮತ್ತೆ ಒತ್ತಡ ಇಳಿದು ಆ ಕವಾಟ ಮುಚ್ಚಿದರೆ ಡಬ್. ಕುಕ್ಷಿ ಸಡಿಲಗೊಂಡು ಅದರ ಒತ್ತಡ ಕರ್ಣದ್ದಕ್ಕಿಂತ ಕೆಳಗಿಳಿದಾಗ ಮೈಟ್ರಲ್ ಕವಾಟ ತೆರೆಯುತ್ತದೆ. ಆರೋಗ್ಯವಂತರಲ್ಲಿ ಆ ತೆರೆಯುವಿಕೆಗೆ ಸದ್ದೇ ಇಲ್ಲ.

ಈ ಚಿತ್ರವನ್ನು ನಾನು ಇಷ್ಟು ಹಚ್ಚಿಕೊಳ್ಳಲು ಕಾರಣ, ಮರ್ಮರ ಎಲ್ಲಿ ಹುಟ್ಟುತ್ತದೆಂಬುದನ್ನು ಅದು ಕಣ್ಣಿಗೆ ಕಾಣಿಸುತ್ತದೆ. ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಎಳವೆಯಲ್ಲಿ ರುಮ್ಯಾಟಿಕ್ ಜ್ವರ ಬಂದಿತ್ತು, ಮೂವತ್ತರಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. ಮೈಟ್ರಲ್ ಕವಾಟದ ಎಸಳುಗಳು ಅಂಚಿನಲ್ಲಿ ಬೆಸೆದುಕೊಂಡಿವೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ದಾರಿ ಒಂದರಷ್ಟಕ್ಕೆ ಇಳಿದಿದೆ. ರಕ್ತ ಮುಂದೆ ಹೋಗಲಾರದೆ ಹಿಂದೆ ತುಂಬಿ, 10ರ ಒಳಗಿರಬೇಕಾದ ಕರ್ಣದ ಒತ್ತಡ 25ಕ್ಕೇರಿದೆ. ಕುಕ್ಷಿಯದು 5. ಎರಡೂ ರೇಖೆಗಳ ನಡುವಿನ ಆ 20ರ ಅಂತರವೇ ರಕ್ತವನ್ನು ಕಿರಿದಾದ ಕಂಡಿಯಲ್ಲಿ ರಭಸದಿಂದ ತಳ್ಳುತ್ತದೆ. ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅದುಮಿದಾಗ ನೀರು ಸದ್ದು ಮಾಡುವ ಹಾಗೆ, ಹರಿವು ಕದಡಿ ಸುಳಿಯಾಗಿ ಸದ್ದಾಗುತ್ತದೆ. ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ, ಹೃದಯದ ತುದಿ ಬಡಿಯುವಲ್ಲಿ ಸ್ಟೆತಸ್ಕೋಪಿನ ಗಂಟೆಯ ಭಾಗವನ್ನು ಮೆಲ್ಲಗೆ ಇಟ್ಟರೆ, ಡಬ್ ಆದ ಮೇಲೆ ತಗ್ಗು ದನಿಯ ಗುಡುಗುಡು ಕೇಳುತ್ತದೆ.

ಅದಕ್ಕೂ ಮೊದಲು ಇನ್ನೊಂದು ಸದ್ದಿದೆ. ಬಿರುಸಾದ ಎಸಳುಗಳು ತೆರೆಯುತ್ತ ಥಟ್ಟನೆ ನಿಲ್ಲುವಾಗ ಚಿಕ್ಕದೊಂದು ಟಿಕ್ ಕೇಳುತ್ತದೆ. ಕರ್ಣದ ಒತ್ತಡ ಹೆಚ್ಚಿದಷ್ಟೂ, ಇಳಿಯುತ್ತಿರುವ ಕುಕ್ಷಿಯ ರೇಖೆ ಅದನ್ನು ಬೇಗ ಸಂಧಿಸುತ್ತದೆ, ಕವಾಟ ಬೇಗ ತೆರೆಯುತ್ತದೆ. ರೋಗ ಸೌಮ್ಯವಾಗಿದ್ದರೆ ಡಬ್‌ಗೂ ಟಿಕ್‌ಗೂ ನಡುವೆ ಸುಮಾರು 0.12 ಸೆಕೆಂಡು, ತೀವ್ರವಾದರೆ 0.06ರಷ್ಟು. ಪಳಗಿದ ಕಿವಿ ಈ ವ್ಯತ್ಯಾಸ ಹಿಡಿಯಬಲ್ಲದು, ಎದೆಯೊಳಗಿನ ಒತ್ತಡವನ್ನು ಹೊರಗಿನಿಂದಲೇ ಅಂದಾಜು ಮಾಡಬಲ್ಲದು!

ಮರ್ಮರ ಜೋರಾಗಿದೆಯೆಂದು ರೋಗ ಜೋರೆನ್ನುವಂತಿಲ್ಲ. ಹೃದಯ ಸೋತು ರಕ್ತದ ಹರಿವು ಕುಂದಿದರೆ ತೀರಾ ಕೆಟ್ಟ ಕವಾಟವೂ ಮೆಲ್ಲಗೆ ಗೊಣಗುತ್ತದೆ. ಸುಣ್ಣ ಕಟ್ಟಿ ಎಸಳುಗಳು ಅಲುಗದಂತಾದರೆ ಟಿಕ್ ಅಡಗಿಹೋಗುತ್ತದೆ, ಆಗ ಎಕೋ ಪರೀಕ್ಷೆಯನ್ನೇ ನಂಬಬೇಕು. ಎಸಳುಗಳು ಇನ್ನೂ ಮೆತ್ತಗಿದ್ದರೆ ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಬೆಸುಗೆ ಬಿಡಿಸುತ್ತಾರೆ. ದಾರಿ ಅಗಲವಾಗಿ ಕರ್ಣದ ಒತ್ತಡ ಇಳಿದ ಮೇಲೆ ಕೇಳಿದರೆ, ಟಿಕ್ ಡಬ್‌ನಿಂದ ದೂರ ಸರಿದಿರುತ್ತದೆ.