ಗುಳೆ ಹೋದವನ ತಾಯಿ

ಸಾಹಿತ್ಯ ಪತ್ರಿಕೆಯೊಂದರ ವಿಶೇಷಾಂಕಕ್ಕಾಗಿ, ದುಡಿಯಲೆಂದು ದೂರ ಹೋದ ಮಗನನ್ನು ಕಾಯುವ ತಾಯಿಯನ್ನು ಕುರಿತು ಪದ್ಯವೊಂದನ್ನು ರಚಿಸಲು ಕುಳಿತಾಗ, ಬಾಗಿಲಿಗೆ ಒರಗಿ ದಾರಿಯಲ್ಲೇ ದೃಷ್ಟಿ ನೆಟ್ಟ ವೃದ್ಧೆಯ ಚಿತ್ರವೇ ಮೊದಲು ಲೇಖನಿಗೆ ಬರುವುದು ಸಹಜ. ಆದರೆ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಸೀಮೆಯ ವಳಕಮದಿನ್ನಿಯಂತಹ ಊರುಗಳಲ್ಲಿ ಅಷ್ಟು ಬಿಡುವು ಯಾವ ತಾಯಿಗೂ ಇಲ್ಲವೆಂಬುದನ್ನು ಬಲ್ಲವರು ಆ ಚಿತ್ರವನ್ನು ಬದಿಗಿರಿಸಲೇಬೇಕು.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಗದ್ದೆಗೆ ತಲಪಿದ ವರ್ಷ ಭತ್ತದ ನಾಟಿ, ಕಟಾವುಗಳ ಕೂಲಿ ಸುತ್ತಮುತ್ತಲೇ ದೊರೆಯುವುದು. ಕಾಲುವೆಯ ಕೊನೆಗೆ ನೀರು ಬಾರದಿದ್ದರೆ, ಎರಡನೆಯ ಬೆಳೆಗೆ ನೀರಿಲ್ಲವೆಂದಾದರೆ, ಇಲ್ಲವೆ ಮಳೆಯನ್ನೇ ನಂಬಿದ ಎರೆಹೊಲದಲ್ಲಿ ಜೋಳ, ಕಡಲೆಗಳು ಒಣಗಿದರೆ, ಮೇಸ್ತ್ರಿಯಿಂದ ಮುಂಗಡ ಪಡೆದು ಮಗನೂ ಸೊಸೆಯೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುವರು. ಶಾಲೆ ತಪ್ಪಬಾರದೆಂದು ಮಕ್ಕಳನ್ನು ಅಜ್ಜಿಯ ಬಳಿ ಬಿಡುವರು. ಅಂದಿನಿಂದ ಆಕೆಗೆ ಮೊಮ್ಮಕ್ಕಳ ರೊಟ್ಟಿ, ಸಂಘದ ಸಾಲದ ಕಂತು, ನ್ಯಾಯಬೆಲೆ ಅಂಗಡಿಯ ಸಾಲು. ಕಳೆ ಕಿತ್ತು, ಹತ್ತಿ ಬಿಡಿಸಿ ಸವೆದ ಬೆರಳಿನ ಗುರುತನ್ನು ಅಲ್ಲಿನ ಯಂತ್ರ ಒಪ್ಪದಿದ್ದರೆ ಮರುದಿನ ಮತ್ತೆ ಅದೇ ಸಾಲು.

ಆಕೆಯ ನಿರೀಕ್ಷೆಗೆ ನಿಶ್ಚಿತವಾದ ದಿನವೂ ಉಂಟು, ಅದು ಉಗಾದಿ. 2020ರಲ್ಲಿ ಆ ಹಬ್ಬ ಮಾರ್ಚ್ 25ರಂದು ಬಂದಿತು; ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಗೆ ಬಂದುದೂ ಅದೇ ದಿನ. ಬಸ್ಸುಗಳು ನಿಂತವು, ಕೂಲಿ ನಿಂತಿತು, ಸುಮಾರು 400 ಕಿಲೋಮೀಟರ್ ದೂರವನ್ನು ನಡೆದೇ ಸಾಗುವೆವೆಂದು ಹೊರಟವರೂ ಇದ್ದರು. ನನ್ನ ಪದ್ಯವನ್ನು ಆ ದಿನದಲ್ಲೇ ನಿಲ್ಲಿಸಿ, ತಾಯಿಯ ಮಾತನ್ನು ಆ ನೆಲದ ನುಡಿಯಲ್ಲೇ ಇರಿಸಿದೆ:

ಉಗಾದಿಗೆ ಬರ್ತೀನಂದಿ, ಬಸ್ಸು ನಿಂತಾವು;
ನಡಕೋಂತ ಬರಬ್ಯಾಡ, ಸೊಸಿ ಕಾಲು ಬಾತಾವು.
ಕೂಸಿಗೆ ಜ್ವರ ಬಂದಿತ್ತು, ನಾ ಹೇಳಲಿಲ್ಲ;
ಉಪಾಸ ಮಲಗಿದ್ದು ನೀನೂ ಹೇಳಲಿಲ್ಲ.

ಈ ಕಡೆಯ ಎರಡು ಸಾಲುಗಳಿಗಾಗಿಯೇ ನಾನು ಉಳಿದುದನ್ನೆಲ್ಲ ಬರೆದೆನೆಂದರೂ ಸಲ್ಲುವುದು. ಮಗುವಿನ ಜ್ವರವನ್ನು ತಿಳಿಸಿದರೆ ಮಗನು ಕೆಲಸ ಬಿಟ್ಟು ಬಂದಾನು, ಬಂದರೆ ಆ ದಿನಗಳ ಪಗಾರ ಹೋದೀತು, ಮುಂಗಡ ತೀರದೆ ಉಳಿದೀತು ಎಂದು ತಾಯಿ ಲೆಕ್ಕ ಹಾಕುವಳು. ತಗಡಿನ ಶೆಡ್ಡಿನಲ್ಲಿ ಹಸಿದು ಮಲಗಿದವನು “ಉಂಡೀನಿ ಬೇ ಯವ್ವಾ” ಎಂದು ಫೋನಿನಲ್ಲಿ ಹೇಳುವನು. ಒಬ್ಬರ ಸುಳ್ಳು ಇನ್ನೊಬ್ಬರಿಗೆ ತಿಳಿದೇ ಇರುವುದು; ಆದರೂ ಕೆದಕಿ ಕೇಳುವುದಿಲ್ಲ. ಇಷ್ಟು ಕೋಮಲವಾದ ಮರ್ಯಾದೆಯನ್ನು ಕಣ್ಣೀರಿನ ವರ್ಣನೆಯಲ್ಲಿ ಮುಳುಗಿಸುವ ಕವಿತೆ ಆ ತಾಯಿಗೆ ಅನ್ಯಾಯವೆಸಗುವುದೆಂದೇ ನನ್ನ ಭಾವನೆ.

ಮಗನು ಮನೆ ಸೇರಿದನೆಂದು ಪದ್ಯವನ್ನು ಮುಗಿಸುವುದು ಸುಲಭವಿತ್ತು. ಆದರೆ ಮುಂಗಡ ತೀರುವವರೆಗೆ, ಯಾವ ವರ್ಷದ ಹಬ್ಬಕ್ಕೆ ಬಂದರೂ ಅವನು ಮತ್ತೆ ಹೊರಡಲೇಬೇಕಾದುದರಿಂದ, ಆ ನುಡಿಯನ್ನು ನಾನು ಬರೆಯಲಿಲ್ಲ.