ಸರಬರಾಜುದಾರರ ಖಾತೆ ವಿವರಪಟ್ಟಿಯ ಚಿತ್ರವನ್ನು ಪಂಚಾಯಿತಿಯ ಲೆಡ್ಜರಿನೊಡನೆ ತಾಳೆ ನೋಡುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಏಪ್ರಿಲ್ ತಿಂಗಳಿನ ಸಾಮಾನ್ಯ ಸಭೆಯಲ್ಲಿ ಹೀಗೊಂದು ಪ್ರಸಂಗ ಎದುರಾಗುವುದುಂಟು. ಬೀದಿದೀಪ, ಮೋಟಾರು, ಕೇಬಲ್ಲು ಸರಬರಾಜು ಮಾಡುವ ಅಂಗಡಿಯವರು ಕಾರ್ಯದರ್ಶಿಯವರ ಮೊಬೈಲಿಗೆ ಒಂದು ಚಿತ್ರ ಕಳುಹಿಸಿರುತ್ತಾರೆ. ಅದು ಅವರ ಲೆಕ್ಕದ ಪುಸ್ತಕದಲ್ಲಿ ಪಂಚಾಯಿತಿಯ ಹೆಸರಿನಲ್ಲಿರುವ ಖಾತೆಯ ವಿವರಪಟ್ಟಿ. ಅದರ ಕೊನೆಯ ಸಾಲಿನಲ್ಲಿ ಪಂಚಾಯಿತಿಯಿಂದ 1,27,540 ರೂಪಾಯಿ ಬರಬೇಕೆಂದು ಇರುತ್ತದೆ. ಪಂಚಾಯಿತಿಯ ಲೆಡ್ಜರಿನಲ್ಲಿಯಾದರೋ ಅದೇ ಅಂಗಡಿಗೆ ಕೊಡಬೇಕಾದುದು 28,320 ರೂಪಾಯಿ ಮಾತ್ರ. ವ್ಯತ್ಯಾಸ 99,220 ರೂಪಾಯಿ. ಒಬ್ಬ ಸದಸ್ಯರು ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಎನ್ನುತ್ತಾರೆ. ಇನ್ನೊಬ್ಬರು ಕಚೇರಿಯವರು ಬಿಲ್ಲು ಮುಚ್ಚಿಟ್ಟಿದ್ದಾರೆ ಎನ್ನುತ್ತಾರೆ. ಎರಡೂ ಮಾತು ಸುಳ್ಳಾಗಿರುವ ಸಂಭವವೇ ಹೆಚ್ಚು. ಈ ಉಪನ್ಯಾಸಕ್ಕಾಗಿ ರಚಿಸಿಕೊಂಡ ಈ ಉದಾಹರಣೆಯನ್ನೇ ಹಿಡಿದು, 2024-25ನೇ ಸಾಲಿನ ಲೆಕ್ಕವನ್ನು ಒಂದೊಂದೇ ಸಾಲಾಗಿ ನೋಡಬಹುದು.

ಮೊದಲು ಚಿತ್ರವನ್ನೇ ಪರೀಕ್ಷಿಸಬೇಕು. ಮೊಬೈಲಿನಲ್ಲಿ ಬಂದ ಚಿತ್ರ ಓರೆಯಾಗಿರುತ್ತದೆ, ಅಂಚು ಕತ್ತರಿಸಿರುತ್ತದೆ, ಎರಡು ಪುಟದ ಪಟ್ಟಿಯಲ್ಲಿ ಒಂದೇ ಪುಟ ಬಂದಿರುತ್ತದೆ. ಆದ್ದರಿಂದ ಖಾತೆ ಯಾರ ಹೆಸರಿನದು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನದು, ಆರಂಭ ಶಿಲ್ಕು ಎಷ್ಟು ಎಂಬ ಮೂರನ್ನು ಓದಿಕೊಳ್ಳಬೇಕು. ಆರಂಭ ಶಿಲ್ಕು ಕಾಣದಿದ್ದರೆ ಹಿಂದಿನ ಪುಟ ಉಳಿದಿದೆ ಎಂದೇ ತಿಳಿಯಬೇಕು. ಉದಾಹರಣೆಯ ಪಟ್ಟಿಯಲ್ಲಿ ಆರಂಭ ಶಿಲ್ಕು 42,000 ರೂಪಾಯಿ. ಪಂಚಾಯಿತಿಯ ಲೆಡ್ಜರಿನಲ್ಲಿಯೂ ಅಷ್ಟೇ. ಇದು ದೊಡ್ಡ ಅನುಕೂಲ. ಹಿಂದಿನ ವರ್ಷದವರೆಗೆ ಎರಡೂ ಪುಸ್ತಕಗಳು ಹೊಂದಿದ್ದವು, ವ್ಯತ್ಯಾಸವೆಲ್ಲ ಈ ಹನ್ನೆರಡು ತಿಂಗಳಿನಲ್ಲಿಯೇ ಹುಟ್ಟಿದೆ ಎಂಬುದು ಇದರಿಂದ ತಿಳಿಯಿತು.

ಮಸುಕಾದ ಅಂಕಿಯನ್ನು ಊಹೆಯಿಂದ ಓದಬಾರದು. ಪಟ್ಟಿಯ ಕೊನೆಯ ಕಾಲಂನಲ್ಲಿ ಪ್ರತಿ ಸಾಲಿಗೂ ಉಳಿಕೆ ಬರೆದಿರುತ್ತದೆ, ಅದೇ ಸಾಕ್ಷಿ. ಈ ಚಿತ್ರದಲ್ಲಿ ಆಗಸ್ಟ್ ತಿಂಗಳ ಒಂದು ಬಿಲ್ಲು 33,940 ಎಂದೋ 38,940 ಎಂದೋ ಸ್ಪಷ್ಟವಾಗುವುದಿಲ್ಲ. ಅದರ ಹಿಂದಿನ ಸಾಲಿನ ಉಳಿಕೆ 6,000, ಆ ಸಾಲಿನ ಉಳಿಕೆ 44,940. ಆರು ಸಾವಿರಕ್ಕೆ 38,940 ಕೂಡಿದರೆ ಮಾತ್ರ 44,940 ಆಗುತ್ತದೆ. ಹೀಗೆ ಮೇಲಿನಿಂದ ಕೆಳಗಿನವರೆಗೆ ಕೂಡಿ ಕಳೆದು ಕೊನೆಯ ಅಂಕಿ ಬಂದರೆ ಚಿತ್ರವನ್ನು ಸರಿಯಾಗಿ ಓದಲಾಗಿದೆ, ನಡುವೆ ಯಾವ ಸಾಲೂ ಬಿಟ್ಟುಹೋಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅಷ್ಟಾದ ಮೇಲೂ ಅಂಗಡಿಯವರಿಂದ ಸಹಿ ಮತ್ತು ಮೊಹರು ಇರುವ ಪ್ರತಿಯನ್ನು ತರಿಸಿಕೊಂಡು ಕಡತಕ್ಕೆ ಸೇರಿಸುವುದು ಲೇಸು.

ಎರಡು ಪುಸ್ತಕಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತೆ ಇರುತ್ತವೆ. ಅಂಗಡಿಯವರ ಪುಸ್ತಕದಲ್ಲಿ ಬಿಲ್ಲು ಡೆಬಿಟ್ ಬದಿಗೆ, ಬಂದ ಹಣ ಕ್ರೆಡಿಟ್ ಬದಿಗೆ ಬೀಳುತ್ತದೆ. ಪಂಚಾಯಿತಿಯ ಲೆಡ್ಜರಿನಲ್ಲಿ ಅದೇ ಬಿಲ್ಲು ಕ್ರೆಡಿಟ್ ಬದಿಗೂ ಪಾವತಿ ಡೆಬಿಟ್ ಬದಿಗೂ ಇರುತ್ತದೆ. ಇದು ತಪ್ಪಲ್ಲ. ಹೊಂದಿಸಿ ನೋಡುವಾಗ ಬಿಲ್ಲನ್ನು ಬಿಲ್ಲಿನ ಸಂಖ್ಯೆಯಿಂದಲೇ ಹೊಂದಿಸಬೇಕು. ದಿನಾಂಕದಿಂದ ಅಲ್ಲ, ಮೊತ್ತದಿಂದಲೂ ಅಲ್ಲ. ಅಂಗಡಿಯವರು ಬಿಲ್ಲು ಬರೆದ ದಿನ ಒಂದು, ಪಂಚಾಯಿತಿಯಲ್ಲಿ ಅದು ದಾಖಲಾದ ದಿನ ಇನ್ನೊಂದು. ಮೊತ್ತವಾದರೋ ಒಂದೇ ಬಗೆಯ ಹತ್ತು ದೀಪ ತರಿಸಿದಾಗಲೆಲ್ಲ ಒಂದೇ ಆಗಿರುತ್ತದೆ. ಪಾವತಿಯನ್ನು ಬ್ಯಾಂಕಿನ ಯು.ಟಿ.ಆರ್. ಸಂಖ್ಯೆಯಿಂದ ಹೊಂದಿಸಬೇಕು.

ಹೊಂದಿದ ಸಾಲುಗಳಿಗೆ ಎರಡೂ ಕಡೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದರೆ ಕೊನೆಗೆ ಗುರುತಿಲ್ಲದವು ಮಾತ್ರ ಉಳಿಯುತ್ತವೆ. ಏಪ್ರಿಲ್‌ನಲ್ಲಿ ಕೊಟ್ಟ 42,000 ಎರಡೂ ಕಡೆ ಇದೆ. ಮೇ ತಿಂಗಳ 118ನೇ ಬಿಲ್ಲು 3,54,000, ನವೆಂಬರಿನ 462ನೇ ಬಿಲ್ಲು 54,280, ಫೆಬ್ರವರಿಯ 588ನೇ ಬಿಲ್ಲು 28,320. ಇವು ಮೂರೂ ಎರಡೂ ಕಡೆ ಇವೆ. ಗುರುತಿಲ್ಲದೆ ಉಳಿದವು ಮೂರೇ ಬಾಬುಗಳು: 118ನೇ ಬಿಲ್ಲಿನ ಪಾವತಿಯಲ್ಲಿ 6,000, ಆಗಸ್ಟಿನ 317ನೇ ಬಿಲ್ಲು 38,940, ಜನವರಿಯ ಪಾವತಿ 54,280. ಕೂಡಿದರೆ 99,220. ವ್ಯತ್ಯಾಸ ಪೂರ್ತಿ ಸಿಕ್ಕಿತು. ಇಲ್ಲಿಗೆ ಅಂಕಗಣಿತ ಮುಗಿಯಿತು. ಈ ಮೂರು ಬಾಬುಗಳಲ್ಲಿ ಯಾರದು ಸರಿ ಎಂಬ ವಿಚಾರಣೆ ಇನ್ನು ಆರಂಭ.

ಆರು ಸಾವಿರದ್ದು ಸುಲಭ. 118ನೇ ಬಿಲ್ಲಿನಲ್ಲಿ ಸಾಮಗ್ರಿಯ ಬೆಲೆ 3,00,000, ಜಿ.ಎಸ್.ಟಿ. 54,000. ತೆರಿಗೆ ಬಿಟ್ಟು ಒಪ್ಪಂದದ ಮೊತ್ತ ಎರಡೂವರೆ ಲಕ್ಷ ಮೀರಿದರೆ ಸ್ಥಳೀಯ ಸಂಸ್ಥೆಗಳು ಸಾಮಗ್ರಿಯ ಬೆಲೆಯ ಮೇಲೆ ಶೇಕಡಾ 2ರಷ್ಟು ಜಿ.ಎಸ್.ಟಿ. ಟಿ.ಡಿ.ಎಸ್. ಮುರಿದುಕೊಳ್ಳಬೇಕು. ಪಂಚಾಯಿತಿ 6,000 ಮುರಿದು 3,48,000 ಕೊಟ್ಟು, ಲೆಡ್ಜರಿನಲ್ಲಿ ಬಿಲ್ಲನ್ನು ಪೂರ್ತಿ ತೀರಿಸಿದೆ. ಅಂಗಡಿಯವರು ಕೈಗೆ ಬಂದ 3,48,000ವನ್ನು ಮಾತ್ರ ಜಮೆ ಮಾಡಿಕೊಂಡು ಉಳಿದುದನ್ನು ಬಾಕಿ ಎಂದು ಬಿಟ್ಟಿದ್ದಾರೆ. ಆದರೆ ಪಂಚಾಯಿತಿಯವರು ಅಷ್ಟಕ್ಕೇ ಸುಮ್ಮನಾಗಬಾರದು. ಜೂನ್‌ನಲ್ಲಿ ಮುರಿದ ಹಣ ಜುಲೈ 10ರೊಳಗೆ ಜಿ.ಎಸ್.ಟಿ.ಆರ್-7 ನಮೂನೆಯ ಮೂಲಕ ಸರಕಾರಕ್ಕೆ ಹೋಗಿದೆಯೇ, ಅದರಲ್ಲಿ ಅಂಗಡಿಯವರ ಜಿ.ಎಸ್.ಟಿ. ಸಂಖ್ಯೆ ಸರಿಯಾಗಿದೆಯೇ ಎಂದು ನೋಡಬೇಕು. ಸರಿಯಾಗಿದ್ದರೆ ಅಂಗಡಿಯವರು ಪೋರ್ಟಲಿನಲ್ಲಿ ಅದನ್ನು ಒಪ್ಪಿಕೊಂಡು ತಮ್ಮ ತೆರಿಗೆಗೆ ಬಳಸಿಕೊಳ್ಳಬಹುದು, ಬಾಕಿ ಇಲ್ಲ. ಸಂಖ್ಯೆ ತಪ್ಪಾಗಿದ್ದರೆ ಅಥವಾ ಹಣವನ್ನು ಕಟ್ಟಿಯೇ ಇಲ್ಲದಿದ್ದರೆ ಅಂಗಡಿಯವರ ಆಕ್ಷೇಪಣೆ ನ್ಯಾಯವಾದುದು, ತಪ್ಪು ಪಂಚಾಯಿತಿಯದು. ಉದಾಹರಣೆಯಲ್ಲಿ ಹಣ ಕಾಲಕ್ಕೆ ಸರಿಯಾಗಿ ಸಂದಿದೆ.

ಜನವರಿಯ 54,280 ಇದಕ್ಕಿಂತ ಅಪಾಯದ ಬಾಬು. ಪಂಚಾಯಿತಿ 10ನೇ ತಾರೀಖು 462ನೇ ಬಿಲ್ಲಿಗೆ ಆನ್‌ಲೈನ್ ಮೂಲಕ ಹಣ ಕಳುಹಿಸಿದೆ. ಅಂಗಡಿಯವರ ಪಟ್ಟಿಯಲ್ಲಿ ಅದು ಇಲ್ಲ. ಅವರ ಪಟ್ಟಿಯನ್ನು ನಂಬಿದರೆ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗುತ್ತದೆ. ಪಂಚಾಯಿತಿಯ ಲೆಡ್ಜರನ್ನು ಕಣ್ಣು ಮುಚ್ಚಿ ನಂಬಿದರೂ ತೊಂದರೆ ಉಂಟು. ಖಾತೆ ಸಂಖ್ಯೆ ತಪ್ಪಿದ್ದಾಗ ಹೋದ ಹಣ ಪಂಚಾಯಿತಿಯ ಖಾತೆಗೇ ಹಿಂದಿರುಗುವುದುಂಟು; ಲೆಡ್ಜರಿನಲ್ಲಿ ಮಾತ್ರ ಪಾವತಿ ಎಂದೇ ಉಳಿದಿರುತ್ತದೆ. ಆದ್ದರಿಂದ ವೋಚರು ತೋರಿಸಿದರೆ ಸಾಲದು, ಬ್ಯಾಂಕಿನ ಪಟ್ಟಿಯನ್ನೇ ತೆಗೆಸಿ, ಆ ದಿನದಿಂದ ಮುಂದೆ ಅದೇ ಮೊತ್ತ ವಾಪಸು ಜಮೆಯಾಗಿದೆಯೇ ಎಂದು ನೋಡಬೇಕು. ಇಲ್ಲಿ ಹಾಗೆ ಆಗಿರಲಿಲ್ಲ. ಯು.ಟಿ.ಆರ್. ಸಂಖ್ಯೆ, ದಿನಾಂಕ, ಮೊತ್ತ ಬರೆದು ಅಂಗಡಿಯವರಿಗೆ ಪತ್ರ ಕಳುಹಿಸಲಾಗಿ, ಅವರು ತಮ್ಮ ಬ್ಯಾಂಕ್ ಪುಸ್ತಕ ನೋಡಿ, ಹಣ ಬಂದಿದೆ, ಆದರೆ ನೆರೆಯ ಪಂಚಾಯಿತಿಯ ಖಾತೆಗೆ ಜಮೆ ಹಾಕಿದ್ದೇವೆ ಎಂದು ಒಪ್ಪಿಕೊಂಡರು. ಆ ನೆರೆಯ ಪಂಚಾಯಿತಿಯವರು ತಮ್ಮ ಬಾಕಿ ಕಡಿಮೆಯಾಯಿತೆಂದು ಸಂತೋಷಪಟ್ಟಿರಲೂಬಹುದು. ಅವರೂ ತಾಳೆ ನೋಡಿದ್ದರೆ ಈ ತಪ್ಪು ಜನವರಿಯಲ್ಲಿಯೇ ಹೊರಬೀಳುತ್ತಿತ್ತು.

ಉಳಿದುದು 317ನೇ ಬಿಲ್ಲು. ಇದರಲ್ಲಿಯೇ ಸದಸ್ಯರ ಜವಾಬ್ದಾರಿ ಹೆಚ್ಚು. ಬಿಲ್ಲು ಪಂಚಾಯಿತಿಯ ಲೆಡ್ಜರಿನಲ್ಲಿ ಇಲ್ಲ, ಕಡತದಲ್ಲಿಯೂ ಇಲ್ಲ. ಅಂಗಡಿಯವರ ಪಟ್ಟಿಯಲ್ಲಿ ಒಂದು ಸಾಲು ಇದೆ ಎಂದ ಮಾತ್ರಕ್ಕೆ ಅದು ಸಾಲವಾಗುವುದಿಲ್ಲ. ಕಚೇರಿಯಲ್ಲಿ ಬಿಲ್ಲು ಇಲ್ಲ ಎಂದ ಮಾತ್ರಕ್ಕೆ ಸಾಲವಿಲ್ಲ ಎಂದೂ ಆಗುವುದಿಲ್ಲ. ಮೊದಲು ಬಿಲ್ಲಿನ ಪ್ರತಿಯನ್ನೂ, ಸಾಮಗ್ರಿ ಪಡೆದವರ ಸಹಿ ಇರುವ ಡೆಲಿವರಿ ಚಲನನ್ನೂ ಕೇಳಬೇಕು. ಅವು ಬಂದಾಗ ವಿಷಯ ತಿಳಿಯಿತು. ಆಗಸ್ಟಿನಲ್ಲಿ ಒಂದು ಗ್ರಾಮದ ಕೊಳವೆಬಾವಿಯ ಮೋಟಾರು ಸುಟ್ಟು ನೀರು ನಿಂತಿತ್ತು. ಫೋನಿನಲ್ಲಿ ಹೇಳಿ ಮೋಟಾರು, ಸ್ಟಾರ್ಟರು, ಕೇಬಲ್ಲು ತರಿಸಲಾಗಿತ್ತು. ಚಲನಿಗೆ ನೀರುಗಂಟಿ ಸಹಿ ಹಾಕಿದ್ದರು. ಬಿಲ್ಲನ್ನು ಅವರ ಕೈಯಲ್ಲಿಯೇ ಕೊಡಲಾಗಿತ್ತು. ಅದು ಪಂಪ್‌ಹೌಸಿನಲ್ಲಿಯೇ ಉಳಿಯಿತು, ಕಚೇರಿಗೆ ಬರಲಿಲ್ಲ. ದಾಸ್ತಾನು ವಹಿಯಲ್ಲಿ ದಾಖಲಿಲ್ಲ, ಸಭೆಯ ನಡವಳಿಯಲ್ಲಿ ಪ್ರಸ್ತಾಪವಿಲ್ಲ.

ಇಂತಹಲ್ಲಿ ಕಾಗದಕ್ಕಿಂತ ಸ್ಥಳ ಪರಿಶೀಲನೆಗೆ ಬೆಲೆ ಹೆಚ್ಚು. ಸದಸ್ಯರಿಬ್ಬರು ಪಂಪ್‌ಹೌಸಿಗೆ ಹೋಗಿ ಸ್ಟಾರ್ಟರಿನ ಮೇಲಿನ ಕ್ರಮಸಂಖ್ಯೆ ಬಿಲ್ಲಿನಲ್ಲಿರುವುದೇ ಎಂದು ನೋಡುವುದು, ಕೊಳವೆಬಾವಿಯೊಳಗಿರುವ ಮೋಟಾರಿನ ಬಗ್ಗೆ ಅದನ್ನು ಇಳಿಸಿದ ಮೆಕ್ಯಾನಿಕ್ಕನ್ನು ವಿಚಾರಿಸುವುದು, ಸುಟ್ಟ ಹಳೆಯ ಮೋಟಾರು ಎಲ್ಲಿದೆ ಎಂದು ಕೇಳುವುದು ಅಗತ್ಯ. ಹಳೆಯ ಮೋಟಾರಿನಲ್ಲಿರುವ ತಾಮ್ರಕ್ಕೂ ಬೆಲೆಯುಂಟು; ಅದು ಪಂಚಾಯಿತಿಯ ಆಸ್ತಿ. ಅದೇ ಕೆಲಸಕ್ಕೆ ಬೇರೆ ಅಂಗಡಿಯ ಬಿಲ್ಲು ಪಾವತಿಯಾಗಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಎಲ್ಲವೂ ಸರಿಯೆಂದು ಕಂಡರೆ ದಾಸ್ತಾನು ವಹಿಯಲ್ಲಿ ದಾಖಲಿಸಿ, ಇದ್ದ ಸಂಗತಿಯನ್ನು ಇದ್ದಂತೆಯೇ ಬರೆದು, ಘಟನೋತ್ತರ ಅನುಮೋದನೆಗಾಗಿ ಸಭೆಯ ಮುಂದಿಡಬೇಕು. ಹಿಂದಿನ ದಿನಾಂಕ ಹಾಕಿ ನಡವಳಿ ಸೃಷ್ಟಿಸುವುದು ಸರ್ವಥಾ ಕೂಡದು. ತಡವಾದುದನ್ನು ಲೆಕ್ಕಪರಿಶೋಧಕರಿಗೆ ವಿವರಿಸಬಹುದು, ತಿದ್ದಿದುದನ್ನು ವಿವರಿಸಲಾಗದು. ಆಗಸ್ಟಿನಲ್ಲಿ ಸಾಮಗ್ರಿ ಕೊಟ್ಟು ಎಂಟು ತಿಂಗಳು ಕಾದ ಅಂಗಡಿಯವರಿಗೂ ಇದು ನ್ಯಾಯ.

ಹೀಗೆ ವಿಚಾರಣೆ ಮುಗಿದ ಮೇಲೆ ಎರಡು ಪುಸ್ತಕಗಳನ್ನೂ ಒಂದೇ ಹಾಳೆಯಲ್ಲಿ ತರಬೇಕು. ಅಂಗಡಿಯವರ 1,27,540ರಲ್ಲಿ ಟಿ.ಡಿ.ಎಸ್. 6,000 ಹಾಗೂ ಬೇರೆ ಖಾತೆಗೆ ಹೋದ 54,280 ಕಳೆದರೆ 67,260 ಉಳಿಯುತ್ತದೆ. ಪಂಚಾಯಿತಿಯ 28,320ಕ್ಕೆ 317ನೇ ಬಿಲ್ಲಿನ 38,940 ಕೂಡಿದರೆ ಅದೇ 67,260. ಕಾರ್ಯದರ್ಶಿಯವರೂ ಅಂಗಡಿಯವರೂ ಈ ಹಾಳೆಗೆ ಸಹಿ ಹಾಕಿ ತಲಾ ಒಂದು ಪ್ರತಿ ಇಟ್ಟುಕೊಳ್ಳಬೇಕು. ಅದೇ ಮುಂದಿನ ವರ್ಷದ ಆರಂಭ ಶಿಲ್ಕು.

ಕೊನೆಯದಾಗಿ ಒಂದು ಎಚ್ಚರಿಕೆ. ಇಂತಹ ಚಿತ್ರದ ಅಡಿಯಲ್ಲಿ ಕೆಲವೊಮ್ಮೆ “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಹಣ ಈ ಸಂಖ್ಯೆಗೆ ಹಾಕಿ” ಎಂದು ಬರೆದಿರುತ್ತದೆ. ಚಿತ್ರವನ್ನು ಯಾರು ಬೇಕಾದರೂ ತಿದ್ದಿ ಕಳುಹಿಸಬಹುದು. ಪಂಚಾಯಿತಿಯ ಕಡತದಲ್ಲಿ ಮೊದಲಿನಿಂದ ಇರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ, ಮಾಲೀಕರ ಸಹಿಯ ಪತ್ರ ಮತ್ತು ರದ್ದುಪಡಿಸಿದ ಚೆಕ್ಕಿನ ಹಾಳೆ ಪಡೆಯುವವರೆಗೆ ಆ 67,260 ರೂಪಾಯಿಗಳಲ್ಲಿ ಒಂದು ರೂಪಾಯಿಯೂ ಹೊಸ ಖಾತೆಗೆ ಹೋಗಕೂಡದು.